ಮೇಲೆ ಮೂರಾದರೆ ಅಡಿಯಲ್ಲಿ ನಾಲ್ಕು

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಎರಡು ದಾಳ ಒಟ್ಟಿಗೆ ಎಸೆದಾಗ ಮೊತ್ತ 7 ಬರುವ ಸಂಭವನೀಯತೆ ಎಷ್ಟು ಅನ್ನುವ ಲೆಕ್ಕವನ್ನು ಬಹಳ ವರ್ಷ ಹತ್ತು ನಿಮಿಷದಲ್ಲಿ ಮುಗಿಸಿಬಿಡುತ್ತಿದ್ದೆ. ಬೋರ್ಡಿನ ಮೇಲೆ 36 ಜೋಡಿ ಬರೆಯುವುದು, ಮೊತ್ತ 7 ಆಗುವ ಆರಕ್ಕೆ ಸುತ್ತು ಹಾಕುವುದು, 6/36, ಅಂದರೆ 1/6. ಮಕ್ಕಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಅಂಕವೂ ಬೀಳುತ್ತಿತ್ತು.

ಒಂದು ವರ್ಷ ಬೋರ್ಡು ಮುಟ್ಟುವ ಮೊದಲು ಅವರವರ ಉತ್ತರವನ್ನು ಚೀಟಿಯಲ್ಲಿ ಬರೆಸಿದೆ. 1/6 ಬರೆದವರು ಕೆಲವರೇ. ಮೊತ್ತ 2ರಿಂದ 12ರವರೆಗೆ ಹನ್ನೊಂದು ಬಗೆ, ಅದರಲ್ಲಿ 7 ಒಂದು, ಹಾಗಾಗಿ 1/11 ಅಂತ ಕೆಲವರು. ಇನ್ನು ಕೆಲವರು ಶ್ರಮಪಟ್ಟು ಜೋಡಿಗಳನ್ನು ಪಟ್ಟಿ ಮಾಡಿದ್ದರು. ಒಟ್ಟು 21 ಜೋಡಿ, 7 ಕೊಡುವವು 1-6, 2-5, 3-4, ಹಾಗಾಗಿ 3/21, ಅಂದರೆ 1/7.

1/11 ಬೇಗ ಬಿತ್ತು. ಮೊತ್ತ 2 ಬರಬೇಕಾದರೆ ಎರಡೂ ದಾಳದಲ್ಲಿ 1 ಬೀಳಬೇಕು. ಹಾವು ಏಣಿ ಆಡಿದ ಯಾರಿಗೂ ಅದು 7ರಷ್ಟೇ ಸುಲಭ ಅನ್ನಿಸುವುದಿಲ್ಲ. 1/7 ಮಾತ್ರ ಜಗ್ಗಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮಿಸ್, ಮೂರು-ನಾಲ್ಕು, ನಾಲ್ಕು-ಮೂರು ಎರಡೂ ಒಂದೇ ಅಲ್ವಾ? ಬಿದ್ದ ಮೇಲೆ ನೋಡಿದ್ರೆ ಒಂದೇ ಥರ ಇರುತ್ತೆ" ಅಂದ. "ಕ್ರಮಯುಗ್ಮ ಕಣೋ, ಬೇರೆ ಬೇರೆ ಎಣಿಸಬೇಕು" ಅಂದೆ. ಅವನು ಕೇಳಿದ್ದು ಯಾಕೆ ಅಂತ. ನಾನು ಹೇಳಿದ್ದು ಹೆಸರು ಅಷ್ಟೇ. ಇದು ದಡ್ಡರ ತಪ್ಪೇನೂ ಅಲ್ಲ. ಲೈಬ್ನಿಟ್ಸ್‌ನಂಥ ಗಣಿತಜ್ಞನೇ ಎರಡು ದಾಳದಲ್ಲಿ 11 ಮತ್ತು 12 ಬರುವ ಅವಕಾಶ ಸಮ ಅಂತ ಬರೆದಿದ್ದ. 5-6 ಒಂದು ಬಗೆ, 6-6 ಒಂದು ಬಗೆ ಅನ್ನುವುದು ಅವನ ಎಣಿಕೆ.

ಎಸೆದೇ ನೋಡೋಣ ಅಂತ ಮರುದಿನ ದಾಳ ತರಿಸಿದೆ. ಹನ್ನೆರಡು ಗುಂಪು, ಒಂದೊಂದು ಗುಂಪು 30 ಸಲ, ಒಟ್ಟು 360 ಎಸೆತ. ಮೊತ್ತ ಮಾತ್ರ ಬರೆದುಕೊಳ್ಳಿ ಅಂದೆ. 7 ಬಂದದ್ದು 56 ಸಲ. 1/6 ಸರಿಯಾದರೆ 60ರ ಆಸುಪಾಸು ಬರಬೇಕು, 1/7 ಸರಿಯಾದರೆ 51ರ ಆಸುಪಾಸು. 56 ಎರಡಕ್ಕೂ ನಡುವೆ ಬಂದು ಕೂತಿತು! ಇಷ್ಟು ಎಸೆತಗಳಲ್ಲಿ ಏಳೆಂಟರ ಹೆಚ್ಚುಕಡಿಮೆ ಸಹಜ, ಹಾಗಾಗಿ ಒಂಬತ್ತರ ಅಂತರವನ್ನು ಅದು ಬಿಡಿಸಿ ಹೇಳಲಾರದು. ಆ ಹುಡುಗ ಗೆದ್ದವನಂತೆ ನಕ್ಕ.

ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು, ನಾನು ನೋಡಬೇಕಾದ ಕಡೆ ನೋಡಲಿಲ್ಲ ಅಂತ. ಜಗಳ ಇರುವುದು ಅವಳಿಗಳದ್ದು, ಅಂದರೆ 1-1, 2-2 ಹೀಗೆ ಎರಡೂ ದಾಳ ಒಂದೇ ಸಂಖ್ಯೆ ತೋರಿಸುವುದು. ಹುಡುಗನ ಲೆಕ್ಕದಲ್ಲಿ 21 ಜೋಡಿಯೂ ಸಮಾನ. ಅವುಗಳಲ್ಲಿ ಅವಳಿ ಆರು, ಹಾಗಾಗಿ 360 ಎಸೆತಕ್ಕೆ ಸುಮಾರು 103 ಅವಳಿ ಬೀಳಬೇಕು. ನನ್ನ ಲೆಕ್ಕದಲ್ಲಿ 36ರಲ್ಲಿ ಆರು, ಅಂದರೆ 60. ಇಲ್ಲಿ ಅಂತರ ಒಂಬತ್ತಲ್ಲ, ನಲವತ್ತಕ್ಕೂ ಹೆಚ್ಚು. ಆದರೆ ನಾವು ಮೊತ್ತ ಮಾತ್ರ ಬರೆದಿದ್ದೆವು. 8 ಬಂದದ್ದು 4-4ರಿಂದಲೋ 3-5ರಿಂದಲೋ ಗೊತ್ತಾಗುವಂತಿರಲಿಲ್ಲ. ಮತ್ತೆ ಎಸೆಸಬೇಕಾಯಿತು, ಈ ಸಲ ಎರಡೂ ದಾಳದ ಸಂಖ್ಯೆ ಬರೆಸಿದೆ. ಅವಳಿ ಬಂದದ್ದು 63. ಮಕ್ಕಳೇ ಕೂಡಿಸಿದ್ದರಿಂದ ನಾನು ಏನೂ ಹೇಳಬೇಕಾಗಲಿಲ್ಲ.

ಹುಡುಗ ಈಗ ಇನ್ನೊಂದು ಕೇಳಿದ: ದಾಳ ಎರಡೂ ಬಿಳಿ, ಯಾವುದು ಮೊದಲನೆಯದು ಅಂತ ದಾಳಕ್ಕೆ ಹೇಗೆ ಗೊತ್ತು? ಒಂದು ದಾಳಕ್ಕೆ ಕೆಂಪು ಸ್ಕೆಚ್ ಪೆನ್ನಿನಿಂದ ಬಣ್ಣ ಬಳಿದೆ. ಈಗ "ಕೆಂಪು 3, ಬಿಳಿ 4" ಬೇರೆ, "ಕೆಂಪು 4, ಬಿಳಿ 3" ಬೇರೆ, ಕಣ್ಣಿಗೇ ಕಾಣುತ್ತದೆ. "ಬಣ್ಣ ಬಳಿದಿದ್ದಕ್ಕೆ ಬೀಳೋ ರೀತಿ ಬದಲಾಯ್ತಾ?" ಅಂತ ಕೇಳಿದೆ. ಇಲ್ಲ ಅಂದ. ಹಾಗಿದ್ದರೆ ಬಳಿಯುವ ಮೊದಲೂ ಎರಡು ದಾರಿ ಇದ್ದವು, ನಮಗೆ ಗುರುತು ಸಿಗುತ್ತಿರಲಿಲ್ಲ ಅಷ್ಟೇ. 3-3ಕ್ಕೆ ಮಾತ್ರ ಬಣ್ಣ ಬಳಿದರೂ ಒಂದೇ ದಾರಿ. ಇದನ್ನು ಕಲಿತ ಹುರುಪಿನಲ್ಲಿ ಕೆಲವರು ಎಲ್ಲವನ್ನೂ ಇಮ್ಮಡಿ ಮಾಡುತ್ತಾರೆ: ಮೊತ್ತ 8ಕ್ಕೆ 4-4ನ್ನೂ ಎರಡು ಸಲ ಎಣಿಸಿ ಆರು ಅನ್ನುತ್ತಾರೆ, ಇರುವುದು ಐದು. ಅದಕ್ಕೇ ಈಗ ಪಟ್ಟಿ ಬರೆಸುವುದಿಲ್ಲ. ಆರು ಸಾಲು, ಆರು ಕಂಬದ ಚೌಕಗಳ ಕೋಷ್ಟಕ ಹಾಕಿಸುತ್ತೇನೆ, ಸಾಲಿಗೆ ಕೆಂಪು, ಕಂಬಕ್ಕೆ ಬಿಳಿ. 4-4ಕ್ಕೆ ಒಂದೇ ಮನೆ, ಎರಡು ಸಲ ಬರೆಯಲು ಜಾಗವೇ ಇಲ್ಲ. 7ರ ಮನೆಗಳು ಮೂಲೆಯಿಂದ ಮೂಲೆಗೆ ಓರೆಯಾಗಿ ಹೋಗುತ್ತವೆ, ಸಾಲಿಗೊಂದು.

ಸಾಲಿಗೊಂದು ಅನ್ನುವುದೇ 7ರ ವಿಶೇಷ. ಮೊತ್ತ 8 ಆದರೆ ಕೆಂಪು 1 ಬಿದ್ದ ಕೂಡಲೇ ಆಟ ಮುಗಿಯಿತು, ಬಿಳಿಯಲ್ಲಿ 7 ಇಲ್ಲ. ಮೊತ್ತ 7ಕ್ಕೆ ಮಾತ್ರ ಕೆಂಪು ಏನೇ ಬೀಳಲಿ, ಬಿಳಿಯಲ್ಲಿ ಅದಕ್ಕೆ ಸರಿಹೊಂದುವ ಒಂದು ಮುಖ ಇದ್ದೇ ಇದೆ. ಸರಿಯಾಗಿ ಮಾಡಿದ ದಾಳದಲ್ಲಿ ಎದುರುಬದುರು ಮುಖಗಳ ಮೊತ್ತ 7. ಹಾಗಾಗಿ ಕೆಂಪು ದಾಳವನ್ನು ಎತ್ತಿ ಅಡಿ ನೋಡಿದರೆ ಸಾಕು: ಮೇಲೆ ಮೂರಿದ್ದರೆ ಅಡಿಯಲ್ಲಿ ನಾಲ್ಕು, ಬಿಳಿಯಲ್ಲಿ ನಮಗೆ ಬೇಕಾದದ್ದೂ ಅದೇ ನಾಲ್ಕು. ಆರು ಮುಖದಲ್ಲಿ ಒಂದು, 1/6. 36 ಎಣಿಸುವ ಕೆಲಸವೇ ಇಲ್ಲ. ಇದನ್ನು ನಾನು ಕಂಡುಕೊಂಡದ್ದಲ್ಲ, ದಾಳವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಹುಡುಗಿಯೊಬ್ಬಳು ತೋರಿಸಿಕೊಟ್ಟದ್ದು.

ಒಂದು ಗುಂಪಿಗೆ ದಾಳ ಸಾಲದೆ, ರಬ್ಬರ್ ಕತ್ತರಿಸಿ ಚುಕ್ಕಿ ಇಟ್ಟುಕೊಂಡಿದ್ದರು. ಚಪ್ಪಟೆ ರಬ್ಬರ್, ಅಗಲ ಮುಖಗಳಲ್ಲಿ 1 ಮತ್ತು 6. ಅವೇ ಹೆಚ್ಚಾಗಿ ಬೀಳುತ್ತಿದ್ದವು. ಅವರ ಲೆಕ್ಕ ಬಿಡಬೇಕಾ ಅಂತ ಕೇಳಿದರು. ಇನ್ನೊಂದು ದಾಳ ಸರಿಯಿದ್ದರೆ ಬಿಡಬೇಕಿಲ್ಲ, ರಬ್ಬರ್ ಏನೇ ತೋರಿಸಲಿ, ಸರಿಯಾದ ದಾಳ ಅದಕ್ಕೆ ಹೊಂದುವುದು ಆರರಲ್ಲಿ ಒಂದು ಸಲವೇ. ಇತರ ಮೊತ್ತಗಳು ಕೆಡಬಹುದು, 7 ಕೆಡುವುದಿಲ್ಲ. ಎರಡೂ ರಬ್ಬರ್ ಆದರೆ? 1 ಮತ್ತು 6ಕ್ಕೆ ತಲಾ 1/4, ಉಳಿದ ನಾಲ್ಕಕ್ಕೆ ತಲಾ 1/8 ಅಂತ ಇಟ್ಟುಕೊಂಡೆವು. 1-6, 6-1 ಸೇರಿ 2/16. ಉಳಿದ ನಾಲ್ಕು ಮನೆ ಸೇರಿ 4/64, ಅಂದರೆ 1/16. ಒಟ್ಟು 3/16, 1/6ಕ್ಕಿಂತ ಹೆಚ್ಚು. ಇಲ್ಲಿ ಮನೆ ಎಣಿಸಿ 36ರಿಂದ ಭಾಗಿಸುವಂತಿಲ್ಲ, ಒಂದೊಂದು ಮನೆಯ ತೂಕ ಬೇರೆ. ಹಿಂದಿನ ಬೆಂಚಿನವನು ಆ ಎರಡು ರಬ್ಬರನ್ನು ಜೇಬಿಗೆ ಹಾಕಿಕೊಂಡು ಹೋದ, ಯಾರ ಜೊತೆ ಬಾಜಿ ಕಟ್ಟಿದನೋ ನಾನು ಕೇಳಲಿಲ್ಲ.