ಸಕ್ಕರೆ ಕಾಯಿಲೆ ಇದ್ರೆ ಪರಿಹಾರ ಇಲ್ವಾ? ಕಾಲು ಕಳಕೊಂಡ ಟೈಲರ್ ಕೇಸಲ್ಲಿ ಥಿನ್ ಸ್ಕಲ್ ರೂಲ್ ಗೆಲ್ಲಿಸಿದ ನನ್ನ ಅನುಭವ

ಮೋಟಾರ್ ಆಕ್ಸಿಡೆಂಟ್ ಕ್ಲೇಮ್ ಮಾಡೋ ವಕೀಲ್ರಿಗೆ ಇದನ್ನ ಬರೀತಿದೀನಿ. 166ರ ಪಿಟಿಷನ್ ಹಾಕೋದು, ಡಾಕ್ಟ್ರನ್ನ ಪಿ.ಡಬ್ಲ್ಯೂ 2 ಮಾಡೋದು, ಮಲ್ಟಿಪ್ಲೈಯರ್ ಹಿಡಿಯೋದು ಇವೆಲ್ಲ ನಿಮಗೆ ಗೊತ್ತಿರೋದೇ, ಅದನ್ನ ಬಿಡ್ತೀನಿ. ಈ ಕೇಸ್ ನಿಲ್ಲಲ್ಲ ಅಂತ ಬಾರಲ್ಲಿ ಕನಿಷ್ಠ ನಾಲ್ಕು ಜನ ಹೇಳಿದ್ರು, ನಿಂತಿದೆ, ಅದಕ್ಕೇ ಬರೀತಿರೋದು.

ಕ್ಲೈಂಟ್ 47 ವರ್ಷದ ಟೈಲರ್, ಪೆಡಲ್ ಮಿಷಿನ್ ತುಳಿದು ಜೀವನ ಮಾಡ್ತಿದ್ದವರು. 2018ರಲ್ಲಿ ಸಂತೆ ರಸ್ತೇಲಿ ನಿಂತಿದ್ದಾಗ ಒಂದು ಸ್ಕೂಟರ್ ಬಲಗಾಲ ಹೆಬ್ಬೆರಳ ಮೇಲೆ ಹತ್ತಿ ಹೋಯ್ತು. ಮೂಳೆ ಮುರಿದಿಲ್ಲ, ಚರ್ಮ ಕಿತ್ತು ಬಂದಿತ್ತು ಅಷ್ಟೇ, ವೂಂಡ್ ಸರ್ಟಿಫಿಕೇಟಲ್ಲಿ ‘ಸಿಂಪಲ್’ ಅಂತ ಬರೆದ್ರು. ಮನೆ ಹತ್ರದ ಕ್ಲಿನಿಕ್ಕಲ್ಲಿ ಒಂದು ಹತ್ತು ದಿನ ಡ್ರೆಸ್ಸಿಂಗ್ ಮಾಡಿಸಿದ್ರು, ಬೆರಳು ಕಪ್ಪಾಯ್ತು, ಜ್ವರ ಬಂತು, ದೊಡ್ಡಾಸ್ಪತ್ರೆಗೆ ಹೋದಾಗ ಶುಗರ್ ಮುನ್ನೂರ ಚಿಲ್ಲರೆ. ಮೊದಲು ಬೆರಳು ತೆಗೆದ್ರು, ಸೋಂಕು ನಿಲ್ಲಲಿಲ್ಲ, ಆಕ್ಸಿಡೆಂಟ್ ಆಗಿ ಸುಮಾರು 40 ದಿನಕ್ಕೆ ಮೊಣಕಾಲ ಕೆಳಗಿನಿಂದ ಕಾಲೇ ಹೋಯ್ತು.

ಇನ್ಶೂರೆನ್ಸ್ ಕಂಪನಿ ವಾದ ಒಂದೇ ಸಾಲು: ಸ್ಕೂಟರಿಂದ ಆಗಿದ್ದು ಸಿಂಪಲ್ ಗಾಯ, ಕಾಲು ತೆಗೆಸಿದ್ದು ಸಕ್ಕರೆ ಕಾಯಿಲೆ, ಅದಕ್ಕೂ ನಮಗೂ ಸಂಬಂಧ ಇಲ್ಲ. ಲೋಕ ಅದಾಲತ್ತಲ್ಲಿ ಒಂದೂವರೆ ಲಕ್ಷಕ್ಕೆ ಬಂದ್ರು. ನನ್ನ ಸೀನಿಯರ್ ಕರೆದು, ‘ತಗೊಂಡುಬಿಡಪ್ಪ, ಶುಗರ್ ಪೇಷಂಟ್ ಕೇಸಲ್ಲಿ ಆಂಪ್ಯುಟೇಷನ್‌ಗೆ ದುಡ್ಡು ಕೊಟ್ಟಿದ್ದು ನಾನು ನೋಡಿಲ್ಲ’ ಅಂದ್ರು. ಅವರ ಮಾತನ್ನ ಸುಮ್ನೆ ತಳ್ಳಿಹಾಕೋ ಹಾಗಿರಲಿಲ್ಲ, ಯಾಕಂದ್ರೆ ಅದಕ್ಕೆ ಮೂರು ವರ್ಷ ಮುಂಚೆ ನಾನೇ ಇದೇ ಥರದ್ದೊಂದು ಸೋತಿದ್ದೆ.

ಆ ಹಳೇ ಕೇಸಲ್ಲಿ ಒಬ್ಬ ಅಜ್ಜ, ಹಿಮ್ಮಡಿ ಗಾಯ, ಅದೂ ಶುಗರ್, ಅಲ್ಲೂ ಕಾಲು ಹೋಗಿತ್ತು. ಆರ್ಗ್ಯುಮೆಂಟ್ ದಿನ ನಾನು ಥಿನ್ ಸ್ಕಲ್ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆ. 1901ರ ಡ್ಯೂಲಿಯು ವರ್ಸಸ್ ವೈಟ್ ಓದಿದೆ: ತಲೆಬುರುಡೆ ತೆಳುವಾಗಿರೋನಿಗೆ, ಹೃದಯ ವೀಕ್ ಆಗಿರೋನಿಗೆ ಏಟು ಹೊಡೆದೋನು ‘ಗಟ್ಟಿ ಮನುಷ್ಯ ಆಗಿದ್ರೆ ಇಷ್ಟು ಆಗ್ತಿರಲಿಲ್ಲ’ ಅಂತ ಹೇಳೋ ಹಾಗಿಲ್ಲ ಅನ್ನೋದು. ಸಾಹೇಬ್ರು ಎಲ್ಲಾ ಕೇಳಿಸ್ಕೊಂಡು ಡಾಕ್ಟ್ರ ಕ್ರಾಸ್ ಓದಿ ಅಂದ್ರು. ಅಲ್ಲಿ ಒಂದು ಸಾಲಿತ್ತು, ‘ಆಂಪ್ಯುಟೇಷನ್‌ಗೆ ಕಾರಣ ಡಯಾಬಿಟಿಸ್ ಅನ್ನೋದು ನಿಜ’. ನಾನು ರೀ-ಎಕ್ಸಾಮಿನೇಷನ್ ಮಾಡಿರಲಿಲ್ಲ. ಒಟ್ಟಾರೆ 40,000 ಕೊಟ್ಟು ಮುಗಿಸಿದ್ರು. ಡಾಕ್ಟ್ರ ಫೀಸು, ರೆಕಾರ್ಡ್ ಕಾಪಿ, ಓಡಾಟ ಎಲ್ಲ ಸೇರಿ ಅಜ್ಜನ ಮನೆಯವರಿಗೇ ಹದಿನೈದು ಸಾವಿರದ ಹತ್ರ ಖರ್ಚಾಗಿತ್ತು. ಆ ಮನೆಗೆ ಆರ್ಡರ್ ಕಾಪಿ ಕೊಡೋಕೆ ಹೋದ ದಿನ ನಂಗೆ ಇವತ್ತೂ ಮರೆತಿಲ್ಲ.

ತಪ್ಪು ಎಲ್ಲಾಯ್ತು ಅಂತ ಆಮೇಲೆ ಅರ್ಥ ಆಯ್ತು. ಥಿನ್ ಸ್ಕಲ್ ರೂಲ್ ಎಷ್ಟು ನಷ್ಟ ಅನ್ನೋದಕ್ಕೆ ಉತ್ತರ ಕೊಡುತ್ತೆ, ಆ ನಷ್ಟ ಈ ಏಟಿಂದ ಬಂತಾ ಅನ್ನೋದಕ್ಕೆ ಕೊಡಲ್ಲ. ಅದನ್ನ ಸಾಕ್ಷಿ ಹಾಕಿ ನಾವೇ ತೋರಿಸ್ಬೇಕು.

ಫೋರ್‌ಸೀಯಬಿಲಿಟಿ ಬಗ್ಗೇನೂ ಇನ್ಶೂರೆನ್ಸ್ ಕಡೆಯೋರು ಒಂದು ಗೊಂದಲ ಮಾಡ್ತಾರೆ, ‘ಹೆಬ್ಬೆರಳು ತುಳಿದ್ರೆ ಕಾಲು ಹೋಗುತ್ತೆ ಅಂತ ಯಾರು ಊಹಿಸ್ತಾರೆ ಸ್ವಾಮಿ’ ಅಂತ ಕೇಳ್ತಾರೆ. ಹಿಂದೆ 1921ರ ಪೊಲೆಮಿಸ್ ಇದ್ದಾಗ ಈ ಪ್ರಶ್ನೇನೇ ಬರ್ತಿರಲಿಲ್ಲ, ಅಲ್ಲಿ ಹಡಗಿನ ಹೊಟ್ಟೆಯೊಳಗೆ ಒಂದು ಹಲಗೆ ಬಿತ್ತು, ಕಿಡಿ ಹಾರಿ ಅಲ್ಲಿದ್ದ ಪೆಟ್ರೋಲ್ ಆವಿ ಹತ್ಕೊಂಡು ಹಡಗೇ ಸುಟ್ಟುಹೋಯ್ತು, ನೇರ ಪರಿಣಾಮ ಆದ್ರೆ ಸಾಕು ಅಂದ್ರು. 1961ರಲ್ಲಿ ವ್ಯಾಗನ್ ಮೌಂಡ್ ಅದನ್ನ ಬದಲಾಯಿಸ್ತು. ಸಿಡ್ನಿ ಬಂದರಲ್ಲಿ ಹಡಗಿಂದ ಫರ್ನೇಸ್ ಆಯಿಲ್ ಚೆಲ್ಲಿತ್ತು, ವೆಲ್ಡಿಂಗ್ ನಡೀತಿದ್ದ ಪಕ್ಕದ ಧಕ್ಕೆಗೆ ಬೆಂಕಿ ಬಿತ್ತು, ನೀರ ಮೇಲಿನ ಆ ಎಣ್ಣೆ ಹತ್ಕೊಳ್ಳುತ್ತೆ ಅಂತ ಊಹಿಸೋಕೆ ಆಗ್ತಿರಲಿಲ್ಲ, ಅದಕ್ಕೆ ಬೆಂಕಿ ನಷ್ಟ ಕೊಡಬೇಕಿಲ್ಲ ಅಂತ ಪ್ರಿವಿ ಕೌನ್ಸಿಲ್ ಹೇಳ್ತು. ಆದ್ರೆ ಊಹಿಸಬೇಕಾಗಿದ್ದು ನಷ್ಟದ ಜಾತಿಯನ್ನ, ಅದರ ಗಾತ್ರವನ್ನಲ್ಲ. 1963ರ ಹ್ಯೂಸ್ ಕೇಸಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಎಡಿನ್‌ಬರೋ ರಸ್ತೇಲಿ ತೆರೆದ ಮ್ಯಾನ್‌ಹೋಲ್ ಪಕ್ಕ ಸೀಮೆಎಣ್ಣೆ ದೀಪ ಇಟ್ಟು ಕೆಲಸದವರು ಹೋಗಿದ್ರು, ದೀಪ ಒಳಗೆ ಬಿದ್ದು ಸ್ಫೋಟ ಆಗಿ ಹುಡುಗನಿಗೆ ಸುಟ್ಟಗಾಯ ಆಯ್ತು. ಸ್ಫೋಟ ಆಗುತ್ತೆ ಅಂತ ಯಾರೂ ಊಹಿಸಿರಲಿಲ್ಲ, ಸುಟ್ಟಗಾಯ ಆಗುತ್ತೆ ಅನ್ನೋದನ್ನ ಊಹಿಸಬಹುದಿತ್ತು, ಅಷ್ಟೇ ಸಾಕಾಯ್ತು. ನಮ್ಮ ಟೈಲರಿಗೆ ತಂದ್ರೆ, ಸ್ಕೂಟರ್ ಅಡ್ಡಾದಿಡ್ಡಿ ಓಡಿಸಿದ್ರೆ ಯಾರದಾದ್ರೂ ಕಾಲಿಗೆ ಗಾಯ ಆಗುತ್ತೆ ಅಂತ ಎಂಥವನಿಗೂ ಗೊತ್ತಾಗುತ್ತೆ. ಅಲ್ಲಿಗೆ ಜಾತಿ ಪ್ರಶ್ನೆ ಮುಗೀತು, ಆ ಕಾಲು ಸಕ್ಕರೆಯವನದ್ದು ಅನ್ನೋದು ಗಾತ್ರದ ಪ್ರಶ್ನೆ.

ನಾನು ಹಿಡ್ಕೊಂಡಿದ್ದು 1962ರ ಸ್ಮಿತ್ ವರ್ಸಸ್ ಲೀಚ್ ಬ್ರೇನ್. ಗ್ಯಾಲ್ವನೈಸಿಂಗ್ ಕೆಲಸದವನ ತುಟಿಗೆ ಕರಗಿದ ಲೋಹ ಸಿಡಿದು ಸಣ್ಣದಾಗಿ ಸುಟ್ಟಿತ್ತು, ಅವನ ತುಟಿ ಮೊದಲೇ ಕ್ಯಾನ್ಸರ್‌ಗೆ ತಿರುಗೋ ಸ್ಥಿತೀಲಿತ್ತು, ಅಲ್ಲೇ ಕ್ಯಾನ್ಸರ್ ಆಗಿ ಮೂರು ವರ್ಷಕ್ಕೆ ತೀರಿಹೋದ. ಲಾರ್ಡ್ ಪಾರ್ಕರ್ ಕೇಳಿದ್ದು ಸುಟ್ಟಗಾಯ ಊಹಿಸಬಹುದಿತ್ತಾ ಅಂತ, ಕ್ಯಾನ್ಸರ್ ಊಹಿಸಬಹುದಿತ್ತಾ ಅಂತಲ್ಲ. ಜೊತೆಗೆ ಅದೇ ತೀರ್ಪಲ್ಲಿ, ಏಟು ಬೀಳದಿದ್ರೂ ಅವನಿಗೆ ಕ್ಯಾನ್ಸರ್ ಬರೋ ಸಾಧ್ಯತೆ ಇತ್ತು ಅಂತ ಮೊತ್ತ ಕಡಿಮೆ ಮಾಡಿದಾರೆ. ಈ ಎರಡನೇ ಭಾಗವನ್ನ ಕ್ಲೇಮೆಂಟ್ ಕಡೆಯೋರು ಯಾರೂ ಓದಲ್ಲ, ನಾನು ನಾನಾಗೇ ಓದಿದೆ, ಯಾಕೆ ಅಂತ ಮುಂದೆ ಹೇಳ್ತೀನಿ.

ಈಗ ಸಾಕ್ಷಿ. ಆಕ್ಸಿಡೆಂಟ್ ಹಿಂದಿನ ದಿನ ಆ ಕಾಲು ಹೇಗಿತ್ತು ಅನ್ನೋದೇ ನನ್ನ ಹುಡುಕಾಟ. ಟೈಲರ್ ಹೆಂಡತಿ ಹತ್ರ ಕೇಳ್ತಾನೇ ಇದ್ದೆ, ‘ಹಳೇ ಚೀಟಿ ಏನಾದ್ರೂ ಇದ್ರೆ ಹುಡುಕಮ್ಮ’ ಅಂತ. ಮೂರನೇ ಸಲ ಬಂದಾಗ ರೇಷನ್ ಕಾರ್ಡ್ ಕವರಲ್ಲಿ ಒಂದು ಶುಗರ್ ಬುಕ್ ಸಿಕ್ತು, ‘ಇದು ಬೇಕಾ ಲಾಯರ್ ಸಾರ್, ಶುಗರ್ ಇದೆ ಅಂತ ಗೊತ್ತಾದ್ರೆ ಕೇಸ್ ಹೋಗುತ್ತೆ ಅಂದ್ರು, ಅದಕ್ಕೆ ಬಚ್ಚಿಟ್ಟಿದ್ದೆ’ ಅಂದ್ರು. ಆಕ್ಸಿಡೆಂಟ್‌ಗೆ ಎರಡು ತಿಂಗಳು ಮುಂಚಿನ ಎಂಟ್ರೀಲಿ ಡಾಕ್ಟ್ರು ಎರಡೂ ಪಾದ ನೋಡಿ, ಹುಣ್ಣಿಲ್ಲ, ನಾಡಿ ಸಿಗುತ್ತೆ ಅಂತ ಬರೆದಿದ್ರು. ಕೇಸ್ ನಿಂತಿದ್ದು ಆ ಒಂದು ಸಾಲಿನ ಮೇಲೆ. ಶುಗರ್ ಬಚ್ಚಿಡಬೇಡಿ, ಪಿಟಿಷನ್ನಲ್ಲೇ ಬರೀರಿ. ಅವರು ಕೇಸ್ ಶೀಟ್ ತರಿಸಿ ಹೊರಗೆ ಹಾಕಿದ್ರೆ ಅದು ಸುಳ್ಳಿನ ಥರ ಕಾಣುತ್ತೆ.

ಕೇಸ್ ಶೀಟ್ ಪೂರ್ತಿ ತರಿಸಿದೆ, ಡಿಸ್ಚಾರ್ಜ್ ಸಮ್ಮರಿ ಸಾಲದು. ನರ್ಸ್ ನೋಟ್ಸಲ್ಲಿ ಸೋಂಕು ಹೆಬ್ಬೆರಳ ಗಾಯದಿಂದ ಮೇಲಕ್ಕೆ ಹತ್ತಿದ್ದು ದಿನ ದಿನಕ್ಕೂ ಇತ್ತು. ಆಪರೇಷನ್ ಮಾಡಿದ ಡಾಕ್ಟ್ರನ್ನೇ ಕರೆಸಿದೆ, ಬರೀ ಡಿಸೆಬಿಲಿಟಿ ಸರ್ಟಿಫಿಕೇಟ್ ಬರೆಯೋರನ್ನಲ್ಲ. ಅವರ ಫೀಸು, ಕಾಪಿ ಎಲ್ಲಾ ಸೇರಿ 22-23 ಸಾವಿರ ಆಗಿರಬೇಕು, ಆ ಹೆಣ್ಮಗಳು ಓಲೆ ಅಡ ಇಟ್ರು. ನನ್ನ ಫೀಸು ಕೊನೇಲಿ ತಗೊಂಡೆ.

ಕ್ರಾಸಲ್ಲಿ ನಿರೀಕ್ಷೆ ಮಾಡಿದ ಪ್ರಶ್ನೆ ಬಂತು, ‘ಸಕ್ಕರೆ ಕಾಯಿಲೆ ಇರೋರಿಗೆ ಗಾಯ ಇಲ್ಲದೇನೂ ಗ್ಯಾಂಗ್ರೀನ್ ಆಗಬಹುದು ಅಲ್ವಾ ಡಾಕ್ಟ್ರೇ?’ ಆಗಬಹುದು ಅಂದ್ರು, ಅದು ನಿಜಾನೂ ಹೌದು. ರೀ-ಎಕ್ಸಾಮಿನೇಷನ್ನಲ್ಲಿ ನಾನು ಎರಡೇ ಕೇಳಿದೆ: ಈ ರೋಗಿಯಲ್ಲಿ ಸೋಂಕು ಎಲ್ಲಿಂದ ಶುರುವಾಯ್ತು, ಅದೇ ಶುಗರ್ ಇದ್ದ ಎಡಗಾಲು ಹೇಗಿದೆ? ಹೆಬ್ಬೆರಳ ಗಾಯದಿಂದ, ಎಡಗಾಲು ಸರಿಯಾಗಿದೆ ಅಂದ್ರು. ಕುಳಿತುಬಿಟ್ಟೆ. ಇನ್ಶೂರೆನ್ಸ್ ಆಫೀಸರ್ ಆರ್.ಡಬ್ಲ್ಯೂ 1 ಆಗಿ ಬಂದಾಗ ಅವರಿಗೆ ಕೇಳಿದ ಮೂರು ಪ್ರಶ್ನೆ ಮಾತ್ರ ಇಲ್ಲಿ ಬರೆಯಲ್ಲ, ಅವು ಇನ್ನೊಂದು ಕೇಸಲ್ಲಿ ಬೇಕು.

ಹತ್ತು ದಿನ ದೊಡ್ಡಾಸ್ಪತ್ರೆಗೆ ಹೋಗಲಿಲ್ಲ ಅನ್ನೋದನ್ನೂ ಎತ್ತಿದ್ರು. ದಿನಾ ಡ್ರೆಸ್ಸಿಂಗ್ ಮಾಡಿಸಿದ ಚೀಟಿ ಇತ್ತು, ಸುಮ್ನೆ ಕೂತಿರಲಿಲ್ಲ. ದುಡ್ಡಿಲ್ಲದೆ ತಡ ಆದ್ರೆ ಅದನ್ನ ಗಾಯಾಳು ತಲೆಗೆ ಕಟ್ಟೋದು 1933ರ ಲೀಸ್‌ಬಾಷ್ ಕಾಲದ ಮಾತು, ಹೌಸ್ ಆಫ್ ಲಾರ್ಡ್ಸೇ 2003ರಲ್ಲಿ ಲ್ಯಾಗ್ಡನ್ ಕೇಸಲ್ಲಿ ಅದನ್ನ ಬಿಟ್ಟಿದೆ. ಈ ಪಾಯಿಂಟನ್ನ ಮಧ್ಯೆ ಒಂದು ಆಟೋ ಕೇಸಲ್ಲೂ ಟ್ರೈ ಮಾಡಿದ್ದೆ, ರಿಪೇರಿಗೆ ದುಡ್ಡಿಲ್ಲದೆ ನಾಲ್ಕು ತಿಂಗಳು ಗ್ಯಾರೇಜಲ್ಲಿ ನಿಂತಿದ್ದ ಆಟೋ, ಒಂದು ತಿಂಗಳ ದುಡಿಮೆ ಮಾತ್ರ ಕೊಟ್ರು. ಸಾಲಕ್ಕೆ ಓಡಾಡಿದ್ದಕ್ಕೆ ಒಂದು ಕಾಗದಾನೂ ನಮ್ಮ ಹತ್ರ ಇರಲಿಲ್ಲ. ಇನ್ನೊಂದರಲ್ಲಿ ಕೈ ಮುರಿದ ಮೂರು ವಾರಕ್ಕೆ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡೋರ ಕೇಸ್, ಅದೂ ವೀಕ್ ಹಾರ್ಟ್ ಅಂತ ವಾದ ಮಾಡಿದೆ, ಸೋತೆ, ಸೋಲಬೇಕಾದ ಕೇಸೇ ಅದು. ಮುರಿದ ಕೈಗೂ ಹೃದಯಕ್ಕೂ ಕೊಂಡಿ ಹಾಕೋ ಡಾಕ್ಟ್ರು ಯಾರೂ ಇರಲಿಲ್ಲ.

ಲೆಕ್ಕಕ್ಕೆ ಬರ್ತೀನಿ, ನೆನಪಿಂದ ಹೇಳ್ತಿದೀನಿ. ಆದಾಯ ತಿಂಗಳಿಗೆ 11,000, 47 ವರ್ಷಕ್ಕೆ ಸರಳಾ ವರ್ಮಾ ಪ್ರಕಾರ ಮಲ್ಟಿಪ್ಲೈಯರ್ 13, ಒಟ್ಟು 17,16,000. ಡಾಕ್ಟ್ರು ಕಾಲಿಗೆ 60% ಅಂದಿದ್ರು, ರೂಢಿ ಪ್ರಕಾರ ಮೂರನೇ ಒಂದು ಭಾಗ ಹಿಡಿದ್ರೆ 20% ಆಗೋದು. ನಾನು ರಾಜ್ ಕುಮಾರ್ ವರ್ಸಸ್ ಅಜಯ್ ಕುಮಾರ್ ಇಟ್ಟೆ, ನೋಡಬೇಕಾಗಿದ್ದು ದುಡಿಮೆಗೆ ಬಿದ್ದ ಪೆಟ್ಟು, ಪೆಡಲ್ ತುಳಿಯೋನಿಗೆ ಬಲಗಾಲೇ ಬಂಡವಾಳ ಅಂತ. 50% ಒಪ್ಪಿದ್ರು, 8,58,000 ಆಯ್ತು.

ಆಗ ನಾನೇ ಎದ್ದು, ಇವರಿಗೆ ಎಂಟು ವರ್ಷದಿಂದ ಶುಗರ್ ಇದೆ, ಮುಂದೆ ಯಾವತ್ತೋ ಪಾದಕ್ಕೆ ತೊಂದರೆ ಬರೋ ಸಾಧ್ಯತೆ ಸ್ವಲ್ಪ ಇತ್ತು, ಅದಕ್ಕೆ ಒಂದಿಷ್ಟು ಕಳೀರಿ, ಲಾರ್ಡ್ ಪಾರ್ಕರ್ ಕಳೆದ ಹಾಗೆ, ಆದ್ರೆ ಇಡೀ ಕಾಲನ್ನ ಕಳೀಬೇಡಿ ಅಂದೆ. ಎದುರಿನ ವಕೀಲ್ರು ಬೆರಗಾಗಿ ನೋಡಿದ್ರು. ಪೂರ್ತಿ ಇಲ್ಲ ಇಲ್ಲವೇ ಪೂರ್ತಿ ಹೌದು ಅಂತಿದ್ದ ಕೇಸಲ್ಲಿ ಸಾಹೇಬ್ರಿಗೆ ಮಧ್ಯದ ದಾರಿ ಸಿಕ್ತು. 15% ಕಳೆದ್ರು, 7,29,300 ಉಳೀತು. ಆಸ್ಪತ್ರೆ ಬಿಲ್, ನೋವು, ಕೃತಕ ಕಾಲು ಎಲ್ಲಾ ಸೇರಿ ಹನ್ನೊಂದೂವರೆ ಲಕ್ಷದ ಹತ್ರ, ಮೇಲೆ 6% ಬಡ್ಡಿ. ಒಂದೂವರೆ ಲಕ್ಷ ತಗೋ ಅಂದಿದ್ದ ಸೀನಿಯರ್ರೇ ಮಾರನೇ ದಿನ ಆರ್ಡರ್ ಕಾಪಿ ಕೇಳಿ ಇಸ್ಕೊಂಡ್ರು, ಅವತ್ತು ನಂಗೆ ತುಂಬಾ ಖುಷಿ ಆಯ್ತು.

ಕಂಪನಿಯೋರು ಅಪೀಲ್ ಹೋಗಲಿಲ್ಲ, ದುಡ್ಡು ಡೆಪಾಸಿಟ್ ಮಾಡಿದ್ರು. ಓಲೆ ಬಿಡಿಸ್ಕೊಂಡ್ರು, ಎಡಗಾಲಲ್ಲಿ ಒತ್ತೋ ಮೋಟಾರ್ ಮಿಷಿನ್ ತಗೊಂಡ್ರು. ಹೈಕೋರ್ಟಿಗೆ ನಾವೇ ಎಂ.ಎಫ್.ಎ ಹಾಕಿದೀವಿ, ಕೃತಕ ಕಾಲು ಕೆಲವು ವರ್ಷಕ್ಕೊಂದು ಸಲ ಬದಲಾಯಿಸಬೇಕು, ಟ್ರಿಬ್ಯೂನಲ್ ಒಂದೇ ಸಲದ್ದು ಕೊಟ್ಟಿದೆ. ಅದು ಇನ್ನೂ ಹಿಯರಿಂಗ್‌ಗೆ ಬಂದಿಲ್ಲ.