ಗುಂಡಿಗೆ ಬಿದ್ದ ಅಲಾಯ್ ವೀಲ್: ರಿಪೇರಿಯೋ, ಬದಲಾವಣೆಯೋ?

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಹೋಗುವಾಗ ಮಳೆನೀರು ತುಂಬಿದ್ದ ಗುಂಡಿಗೆ ನನ್ನ ಕಾರಿನ ಎಡಗಡೆಯ ಮುಂಚಕ್ರ ಬಿದ್ದಿತು. ಹೊರಗಿನಿಂದ ನೋಡಿದರೆ ವೀಲ್‌ನಲ್ಲಿ ಗೀರು ಕೂಡ ಇರಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಆ ಟೈರ್‌ನ ಗಾಳಿ 33 ಪಿಎಸ್‌ಐನಿಂದ 28ಕ್ಕೆ ಇಳಿದಿತ್ತು. ನಮ್ಮ ಊರಿನ ಚಳಿಗೆ ಬೆಳಗಿನ ಹೊತ್ತು ಒತ್ತಡ ಒಂದೆರಡು ಪಿಎಸ್‌ಐ ಕಡಿಮೆ ತೋರುವುದು ಸಹಜ. ಉಳಿದ ಮೂರು ಟೈರ್‌ಗಳು ಅಷ್ಟೇ ಇಳಿದಿದ್ದರೆ ನಾನು ಚಿಂತಿಸುತ್ತಿರಲಿಲ್ಲ. ಒಂದು ಮಾತ್ರ ಹೆಚ್ಚು ಇಳಿದಿದ್ದರಿಂದ ಚಕ್ರ ಬಿಚ್ಚಿದೆ.

ಪೆಟ್ಟು ಹೆಚ್ಚಾಗಿ ಬೀಳುವುದು ಒಳಗಡೆಯ ಅಂಚಿಗೆ, ಏಕೆಂದರೆ ಹೊರಗಡೆಗಿರುವಂತೆ ಅಲ್ಲಿಗೆ ಸ್ಪೋಕ್‌ಗಳ ಆಸರೆ ಇರುವುದಿಲ್ಲ. ನನ್ನ ವೀಲ್‌ನಲ್ಲೂ ಒಳ ಅಂಚು ಅಂಗೈಯಗಲದಷ್ಟು ಚಪ್ಪಟೆಯಾಗಿತ್ತು. ಟೈರ್‌ಗೆ ಗಾಳಿ ತುಂಬಿ, ವಾಲ್ವ್, ಟೈರ್‌ನ ಮೈ ಹಾಗೂ ಎರಡೂ ಅಂಚುಗಳ ಮೇಲೆ ಸಾಬೂನು ನೀರನ್ನು ನಿಧಾನವಾಗಿ ಸುರಿದು ಕೆಲವು ನಿಮಿಷ ಕಾದೆ. ಸಣ್ಣ ಸೋರಿಕೆಯ ಗುಳ್ಳೆ ತಕ್ಷಣ ಏಳುವುದಿಲ್ಲವಾದ್ದರಿಂದ ಕಾಯುವುದೇ ಇಲ್ಲಿ ಮುಖ್ಯ. ಟೈರ್ ಮತ್ತು ರಿಮ್ ಕೂಡುವ ಗೆರೆಯಲ್ಲಿ, ಬೆಂಡ್ ಇದ್ದ ಕಡೆಯೇ ಸಣ್ಣ ನೊರೆ ಕಟ್ಟಿತು. ಗುಳ್ಳೆ ಆ ಗೆರೆಯಿಂದ ದೂರ, ಲೋಹದ ಮೈಯಿಂದಲೇ ಬಂದಿದ್ದರೆ ಬಿರುಕು ಎಂದೇ ತಿಳಿಯಬೇಕಾಗಿತ್ತು.

ಚಕ್ರವನ್ನು ಮತ್ತೆ ಕೂರಿಸಿ, ಕಾರನ್ನು ಸಮತಟ್ಟಾದ ನೆಲದಲ್ಲಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಒಳ ಅಂಚಿನ ಹತ್ತಿರ ಅಲುಗಾಡದಂತೆ ಒಂದು ಕಡ್ಡಿ ಇಟ್ಟು ಚಕ್ರ ತಿರುಗಿಸಿದೆ. ಕಡ್ಡಿಗೂ ಅಂಚಿಗೂ ನಡುವಿನ ಅಂತರ ಬೆಂಡ್ ಬಂದಾಗ ಸುಮಾರು 3 ಮಿ.ಮೀ. ಹೆಚ್ಚಾಯಿತು. ಬೆಂಡ್ ಸ್ಪೋಕ್ ಬುಡದವರೆಗೆ ಹೋಗದೆ ಅಂಚಿನಲ್ಲೇ ನಿಂತಿದ್ದರಿಂದ, ಬಿರುಕು ಇಲ್ಲವೆಂದು ಖಚಿತವಾದರೆ ರಿಪೇರಿ ಮಾಡಿಸಬಹುದೆಂದು ತೀರ್ಮಾನಿಸಿದೆ. ಸ್ಪೋಕ್ ಅಥವಾ ನಟ್‌ಗಳ ಸುತ್ತ ಕೂದಲೆಳೆಯಷ್ಟು ಬಿರುಕು ಕಂಡಿದ್ದರೂ ವೆಲ್ಡಿಂಗ್‌ಗೆ ಒಪ್ಪದೆ ಬದಲಾಯಿಸುತ್ತಿದ್ದೆ.

ಹಾಸನದ ರಿಪೇರಿ ಅಂಗಡಿಯಲ್ಲಿ ಟೈರ್ ಬಿಚ್ಚಿಸಿ, ಅದರ ಒಳಗೋಡೆಯಲ್ಲಿ ಊತ ಅಥವಾ ಹರಿದ ದಾರ ಇದೆಯೇ ಎಂದು ಮೊದಲು ನೋಡಿದೆ. ಊತವಿದ್ದ ಟೈರನ್ನು ಯಾವ ರಿಪೇರಿಯೂ ಉಳಿಸದು. ಬೆಂಕಿಯಿಂದ ಅತಿಯಾಗಿ ಕಾಯಿಸಿದರೆ ಎರಕದ ಅಲಾಯ್‌ಗೆ ಕೊಟ್ಟಿರುವ ಗಡಸುತನ ಹೋಗುತ್ತದೆ. ಆದ್ದರಿಂದ ಚಪ್ಪಟೆಯಾದ ಅಂಚನ್ನು ಹೈಡ್ರಾಲಿಕ್ ಪ್ರೆಸ್‌ನಿಂದ ನಿಧಾನವಾಗಿ ಎತ್ತುವಂತೆ ಕೇಳಿಕೊಂಡೆ. ಎತ್ತಿದ ನಂತರ ಕೆಂಪು ಬಣ್ಣದ ದ್ರವ ಸಿಂಪಡಿಸಿ, ಒರೆಸಿ, ಬಿಳಿ ಪುಡಿ ಹಚ್ಚಿದರು. ಬಿರುಕಿದ್ದರೆ ಅದರಲ್ಲಿ ಉಳಿದ ಬಣ್ಣ ಕೆಂಪು ಗೆರೆಯಾಗಿ ಮೇಲೇಳುತ್ತದೆ. ಅಂಥ ಗೆರೆ ಕಾಣಲಿಲ್ಲ. ಅಂಚಿನ ಏರಿಳಿತವೂ ಒಂದು ಮಿ.ಮೀ.ಗಿಂತ ಕಡಿಮೆಯಾಗಿತ್ತು.

ಬ್ಯಾಲೆನ್ಸಿಂಗ್ ಆದ ಮೇಲೆ ಮತ್ತೆ ಸಾಬೂನು ನೀರು ಹಾಕಿ ನೋಡಿದೆ. ನಂತರ ಕೆಲವು ದಿನ, ಕಾರು ಓಡಿಸುವ ಮುನ್ನ, ಒಂದೇ ಗೇಜ್‌ನಿಂದ ನಾಲ್ಕೂ ಚಕ್ರಗಳ ಗಾಳಿ ಅಳೆದೆ. ಅದೇ ಜಾಗದಲ್ಲಿ ಮತ್ತೆ ಸೋರಿದರೆ ಇನ್ನೊಮ್ಮೆ ನೆಟ್ಟಗೆ ಮಾಡಲು ಕೊಡುವುದಿಲ್ಲ. ಒಮ್ಮೆ ಬಗ್ಗಿ ನೆಟ್ಟಗಾದ ಲೋಹ ಎರಡನೇ ಸಲ ಸೀಳುವ ಸಾಧ್ಯತೆ ಹೆಚ್ಚು. ಆಗ ಹಳೆಯ ವೀಲ್‌ನ ಹಿಂಬದಿಯಲ್ಲಿ ಅಚ್ಚಾಗಿರುವ ಅಳತೆ ಮತ್ತು ಆಫ್‌ಸೆಟ್‌ಗೆ, ಅಂದರೆ ಹಬ್‌ಗೆ ಕೂರುವ ಮೈ ವೀಲ್‌ನ ನಡುಗೆರೆಯಿಂದ ಎಷ್ಟು ದೂರವಿದೆ ಎಂಬುದಕ್ಕೆ, ಜೊತೆಗೆ ನಟ್‌ಗಳ ಅಂತರಕ್ಕೆ ಸರಿಹೊಂದುವ ವೀಲ್ ತರಬೇಕು.