ಮಾರಲು 2,000, ತೋರಿಸಲು 230

ಹುಬ್ಬಳ್ಳಿಯ ನಮ್ಮ ಓಣಿಯ ಕಾಕಾ ಒಬ್ಬರು ಕಳೆದ ವರ್ಷ ತಲೆ ಮೇಲೆ ಕೈ ಹೊತ್ತು ಕೂತಿದ್ದರು. "ನಾ ಮಾರಾಕ ಹೋದ್ರ ಸಾಕು ತಮ್ಮಾ, ರೇಟ್ ಇಳೀತೈತಿ" ಎಂದರು. ಅವರ ಹತ್ತಿರ ಒಂದು ಸಣ್ಣ ಕಂಪನಿಯ 6,000 ಷೇರು ಇದ್ದವು. ಅದರಲ್ಲಿ ದಿನಕ್ಕೆ ನಡೆಯುವ ವ್ಯಾಪಾರವೇ ಸುಮಾರು 40,000 ಷೇರು. ಕಾಕಾ 312 ರೂಪಾಯಿಗೆ ಅಷ್ಟನ್ನೂ ಒಂದೇ ಆರ್ಡರ್‌ನಲ್ಲಿ ಹಾಕಿದ್ದರು.

ಯಾವ ರೇಟಿಗೆ ಎಷ್ಟು ಷೇರು ಕೇಳುವವರು, ಮಾರುವವರು ಇದ್ದಾರೆ ಎಂದು ತೋರಿಸುವ ಪಟ್ಟಿಗೆ ಮಾರ್ಕೆಟ್ ಡೆಪ್ತ್ ಎನ್ನುತ್ತಾರೆ. ಅದನ್ನು ತೆರೆದವರಿಗೆ ಏನು ಕಂಡಿರಬೇಕು ನೋಡಿ. ಬೇರೆಲ್ಲ ಸಾಲಿನಲ್ಲಿ ಇನ್ನೂರು, ಮುನ್ನೂರು. ಇವರ ಸಾಲಿನಲ್ಲಿ 6,000. ಮಾರುವವರು 311.95ಕ್ಕೆ ಬಂದು ಇವರಿಗಿಂತ ಮುಂದೆ ನಿಂತರು. 311.80ಕ್ಕೆ ಕೇಳುತ್ತಿದ್ದವರು "ಇಷ್ಟು ಮಾಲು ಬಂದಿದೆ, ಇನ್ನೂ ಇಳಿಯುತ್ತೆ" ಎಂದು ಕೆಳಗೆ ಸರಿದರು. ಸಂಜೆ ಹೊತ್ತಿಗೆ ಮಾರಿದ್ದು 400, ರೇಟು 308.

ದನದ ಸಂತೆಯಲ್ಲಿ ಟವೆಲ್ ಅಡಿ ಬೆರಳು ಹಿಡಿದು ವ್ಯಾಪಾರ ಮಾಡುವವರು ರೇಟನ್ನು ಮುಚ್ಚಿಡುತ್ತಾರೆ. ಷೇರುಪೇಟೆಯಲ್ಲಿ ರೇಟು ಎಲ್ಲರಿಗೂ ಕಾಣುತ್ತದೆ. ಮುಚ್ಚಿಡಬಹುದಾದದ್ದು ಮಾಲು ಎಷ್ಟಿದೆ ಎಂಬುದನ್ನು. ಇದಕ್ಕೇ ಐಸ್‌ಬರ್ಗ್ ಆರ್ಡರ್ ಎನ್ನುವುದು. ದೊಡ್ಡ ಫಂಡ್‌ಗಳು ಕಂಪ್ಯೂಟರ್ ಪ್ರೋಗ್ರಾಂ ಇಟ್ಟು ಇದನ್ನೇ ಮಾಡುತ್ತವೆ. ನಮಗೆ ಬೇಕಾದಷ್ಟು ಸೌಲಭ್ಯ ಆರ್ಡರ್ ಹಾಕುವ ಪರದೆಯಲ್ಲೇ ಇದೆ.

ಮೊದಲು ಲಿಮಿಟ್ ಆರ್ಡರ್, ಅಂದರೆ ರೇಟನ್ನು ನಾವೇ ಹೇಳುವ ಆರ್ಡರ್ ಆರಿಸಿ. ಸಿಕ್ಕ ರೇಟಿಗೆ ಕೂಡಲೇ ಮಾರುವ ಮಾರ್ಕೆಟ್ ಆರ್ಡರ್ ಸಾಲಿನಲ್ಲಿ ನಿಲ್ಲುವುದೇ ಇಲ್ಲ, ಅಲ್ಲಿ ಮುಚ್ಚಿಡುವ ಮಾತೇ ಬರುವುದಿಲ್ಲ. ಆಮೇಲೆ ಕ್ವಾಂಟಿಟಿ ತುಂಬಿ, 'ಡಿಸ್‌ಕ್ಲೋಸ್ಡ್ ಕ್ವಾಂಟಿಟಿ' ಎಂಬ ಜಾಗದಲ್ಲಿ ಎಷ್ಟು ಕಾಣಬೇಕೋ ಅಷ್ಟನ್ನು ಬರೆಯಿರಿ. ಎನ್‌ಎಸ್‌ಇಯಲ್ಲಿ ಇದು ಆರ್ಡರಿನ ಶೇ 10ಕ್ಕಿಂತ ಕಡಿಮೆ ಇರುವಂತಿಲ್ಲ. 6,000ಕ್ಕೆ 500 ಎಂದು ಹಾಕಿದರೆ ಆರ್ಡರ್ ತಿರಸ್ಕಾರವಾಗುತ್ತದೆ.

ಆದರೆ 600 ತೋರಿಸಿದರೂ ಇನ್ನೂರು, ಮುನ್ನೂರರ ನಡುವೆ ಅದು ಎದ್ದು ಕಾಣುತ್ತದೆ ಅಲ್ವಾ? ಶೇ 10ರ ಲೆಕ್ಕ ಒಂದೊಂದು ಆರ್ಡರಿಗೆ ಬೇರೆ ಬೇರೆ. ಹಾಗಾಗಿ ಕಾಕಾಗೆ 2,000 ಷೇರಿನ ಒಂದು ಆರ್ಡರ್ ಹಾಕಿ, 230 ಮಾತ್ರ ತೋರಿಸಲು ಹೇಳಿದೆ. ಅದು ಮುಗಿದ ಮೇಲೆ ಮುಂದಿನ 2,000, ಕೊನೆಗೆ ಉಳಿದ 1,600. ಮೂರನ್ನೂ ಒಟ್ಟಿಗೆ ಅದೇ ರೇಟಿಗೆ ಹಾಕಿದರೆ ಮತ್ತೆ 690 ಕಾಣುತ್ತದೆ, ಮಾಡಿದ್ದೆಲ್ಲ ವ್ಯರ್ಥ.

ಇದಕ್ಕೆ ತೆರಬೇಕಾದ ಬೆಲೆ ಸರದಿ. ಒಂದೇ ರೇಟಿನಲ್ಲಿ ಮೊದಲು ಬಂದವರ ಮಾಲು ಮೊದಲು ಹೋಗುತ್ತದೆ. ಕಾಕಾನ ಮೊದಲ 230 ಖಾಲಿಯಾದ ಕೂಡಲೇ ಇನ್ನೊಂದು 230 ತಾನಾಗಿ ಹೊರಬರುತ್ತದೆ. ಆದರೆ ಅದು ಸಾಲಿನ ಕೊನೆಗೆ ಹೋಗಿ ನಿಲ್ಲುತ್ತದೆ. 312ರಲ್ಲೇ ಹಿಂದೆ 180 ಮತ್ತು 300ರ ಇಬ್ಬರು ಇದ್ದರೆ, ಆ 480 ಮಾರಿದ ಮೇಲೆಯೇ ಇವರ ಪಾಳಿ. ಕೊಳ್ಳುವವರು ಕಡಿಮೆ ಇದ್ದ ದಿನ ಇದು ನಿಜಕ್ಕೂ ನಷ್ಟ.

ಕೆಲವು ಬ್ರೋಕರ್‌ಗಳು 'ಐಸ್‌ಬರ್ಗ್' ಎಂದೇ ಹೆಸರಿಟ್ಟು ಕೊಡುವುದು ಬೇರೆ ಥರ. ಅಲ್ಲಿ ಬ್ರೋಕರನ ಕಂಪ್ಯೂಟರ್ ಆರ್ಡರನ್ನು ತುಂಡು ಮಾಡಿ, ಒಂದು ಮುಗಿದ ಮೇಲೆ ಇನ್ನೊಂದನ್ನು ಕಳಿಸುತ್ತದೆ. ಉಳಿದ ತುಂಡುಗಳು ಎಕ್ಸ್‌ಚೇಂಜ್ ತಲುಪಿಯೇ ಇರುವುದಿಲ್ಲ. ಯಾರೋ ಒಮ್ಮೆಲೇ 1,000 ಷೇರು ಕೊಳ್ಳಲು ಬಂದರು ಎನ್ನಿ. ಡಿಸ್‌ಕ್ಲೋಸ್ಡ್ ಆರ್ಡರ್ ಆದರೆ ಮುಚ್ಚಿದ ಮಾಲೂ 312ರಲ್ಲೇ ಅವರಿಗೆ ಸಿಗುತ್ತದೆ. ತುಂಡಿನ ಆರ್ಡರ್ ಆದರೆ ನಿಮ್ಮದು ಒಂದು ತುಂಡು ಮಾತ್ರ ಹೋಗಿ, ಅವರು ಮೇಲಿನ ರೇಟಿನಲ್ಲಿ ಬೇರೆಯವರ ಹತ್ತಿರ ಕೊಂಡುಬಿಡುತ್ತಾರೆ. ಆರ್ಡರಿಗೆ ಇಷ್ಟು ಎಂದು ಬ್ರೋಕರೇಜ್ ಇದ್ದರೆ ಪ್ರತಿ ತುಂಡಿಗೂ ಕಟ್ಟಬೇಕು. ಫ್ಯೂಚರ್ಸ್, ಆಪ್ಷನ್ಸ್‌ನಲ್ಲಿ ಮಾತ್ರ ಡಿಸ್‌ಕ್ಲೋಸ್ಡ್ ಸೌಲಭ್ಯ ಇಲ್ಲ, ತುಂಡೇ ಗತಿ.

ಎದುರಿಗಿರುವವರು ಹೀಗೆ ಮುಚ್ಚಿಟ್ಟಿದ್ದಾರೆಯೇ ಎಂದು ತಿಳಿಯಬೇಕಾದರೆ ಒಂದೇ ರೇಟನ್ನು ನೋಡುತ್ತಾ ಕೂರಿ. 230 ಇತ್ತು, 40ಕ್ಕೆ ಇಳಿಯಿತು, ಮತ್ತೆ 230 ಆಯಿತು. ಪಕ್ಕದಲ್ಲಿ ಆರ್ಡರ್ ಸಂಖ್ಯೆ 1 ಹಾಗೇ ಇದೆ. ಆ ರೇಟಿನಲ್ಲಿ ಮಾರಾಟವಾದದ್ದು ಕಂಡದ್ದಕ್ಕಿಂತ ಎಷ್ಟೋ ಜಾಸ್ತಿ. ಹೀಗಾದರೆ ಅನುಮಾನ ಪಡಬಹುದು. ಖಾತ್ರಿ ಅಲ್ಲ, ಸಣ್ಣ ಮಾರಾಟಗಾರರು ಒಬ್ಬರ ಹಿಂದೊಬ್ಬರು ಬಂದರೂ ಹೀಗೇ ಕಾಣುತ್ತದೆ. 200, 500 ಎಂಬ ಗುಂಡು ಅಂಕಿ ಬಿಟ್ಟು, ಪ್ರತಿ ಆರ್ಡರಿಗೂ ಬೇರೆ ಅಂಕಿ ಹಾಕುವುದು ಈ ಕಣ್ಣುಗಳಿಂದ ತಪ್ಪಿಸಿಕೊಳ್ಳಲಿಕ್ಕೆ.

ಎಕ್ಸ್‌ಚೇಂಜಿಗೆ ಏನೂ ಮುಚ್ಚಿರುವುದಿಲ್ಲ. ಒಬ್ಬರೇ ಒಂದೇ ದಿನ ಕಂಪನಿಯ ಷೇರುಗಳಲ್ಲಿ ಶೇ 0.5ಕ್ಕಿಂತ ಜಾಸ್ತಿ ವಹಿವಾಟು ಮಾಡಿದರೆ, ಬಲ್ಕ್ ಡೀಲ್ ಪಟ್ಟಿಯಲ್ಲಿ ಹೆಸರು ಪ್ರಕಟವಾಗುತ್ತದೆ.

ಕಾಕಾ ದಿನಕ್ಕೊಂದು ಆರ್ಡರಿನಂತೆ ಮೂರು ದಿನ ತೆಗೆದುಕೊಂಡರು. ಮೂರನೇ ದಿನ 3.30ಕ್ಕೆ ಪೇಟೆ ಮುಚ್ಚಿದಾಗ 160 ಷೇರು ಉಳಿದು, ಆ ಆರ್ಡರ್ ತಾನಾಗಿ ರದ್ದಾಯಿತು. "ಇರ್ಲಿ ಬಿಡು" ಎಂದು ಅವನ್ನು ಇಟ್ಟುಕೊಂಡಿದ್ದಾರೆ.